ಕಂಡಳೋ, ನೋಡಿದಳೋ, ನೋಡುತ್ತ ನಿಂತಳೋ: ನೋಟದ ಕ್ರಿಯಾಪದ ಆರಿಸಿಕೊಳ್ಳುವ ಬಗೆ

ಇಂಗ್ಲಿಷ್ ಕಥೆಗಳನ್ನು ಕನ್ನಡಕ್ಕೆ ತರುವ ಎಳೆಯ ಅನುವಾದಕರ ಕರಡುಗಳನ್ನು ಓದಿ ತಿದ್ದುವುದು ನನ್ನ ಕೆಲಸದ ದೊಡ್ಡ ಪಾಲು. ಅವರು ಅಂಚಿನಲ್ಲಿ ಪ್ರಶ್ನೆ ಗುರುತು ಹಾಕಿ ಕಳುಹಿಸುವ ಪದಗಳಲ್ಲಿ ನಾಲ್ಕು ಮತ್ತೆ ಮತ್ತೆ ಬರುತ್ತವೆ: ಗ್ಲಾನ್ಸ್, ಸ್ಟೇರ್, ಗೇಜ್, ಗ್ಲಿಂಪ್ಸ್. ನಿಘಂಟು ತೆರೆದರೆ ಕಣ್ಣು ಹಾಯಿಸು, ದಿಟ್ಟಿಸು, ದುರುಗುಟ್ಟು, ಇಣುಕು, ನಿರುಕಿಸು, ನೋಟ ಬೀರು ಎಂದು ಸಾಲು ಸಾಲಾಗಿ ಸಿಗುತ್ತವೆ. ಇವುಗಳಲ್ಲಿ ಯಾವುದು, ಯಾವಾಗ ಎಂಬುದನ್ನು ನಿಘಂಟು ಹೇಳುವುದಿಲ್ಲ. ಸ್ವಂತ ಕಥೆ ಬರೆಯುವವರಿಗೂ ಇದೇ ತೊಡಕು. ಒಂದು ಪುಟದಲ್ಲಿ ಆರು ಸಲ 'ನೋಡಿದಳು' ಬಂದಾಗ ಬೇಸರವಾಗಿ, ಮೂರನ್ನು 'ದಿಟ್ಟಿಸಿದಳು' ಎಂದು ಬದಲಾಯಿಸುತ್ತಾರೆ. ಅಲ್ಲಿಗೆ ಆ ಪಾತ್ರದ ಸ್ವಭಾವವೇ ಬದಲಾಗಿರುತ್ತದೆ.

ಪದಕ್ಕೆ ಕೈಹಾಕುವ ಮೊದಲು ಸನ್ನಿವೇಶಕ್ಕೆ ಮೂರು ಪ್ರಶ್ನೆ ಹಾಕಿಕೊಳ್ಳುವುದು ಒಳ್ಳೆಯದು.

ಮೊದಲನೆಯದು, ಕಣ್ಣು ವಸ್ತುವಿನತ್ತ ಹೋಯಿತೋ, ವಸ್ತು ಕಣ್ಣಿಗೆ ಬಂತೋ? ಕನ್ನಡಕ್ಕೆ ಇದು ಎಲ್ಲಕ್ಕಿಂತ ದೊಡ್ಡ ಗೆರೆ. 'ನಾನು ನೋಡಿದೆ' ಎಂದರೆ ನೋಡುವ ಕೆಲಸವನ್ನು ನಾನು ಮಾಡಿದೆ. 'ನನಗೆ ಕಂಡಿತು' ಎಂದರೆ ನಾನು ಏನೂ ಮಾಡಲಿಲ್ಲ, ಅದು ತಾನಾಗಿ ನನ್ನ ಪಾಲಿಗೆ ಬಂತು. ಹಸಿವಾಯಿತು, ನೆನಪಾಯಿತು ಎನ್ನುವಾಗ ಬಳಸುವ 'ನನಗೆ' ಇಲ್ಲಿಯೂ ಬರುತ್ತದೆ. ಎರಡನೆಯದು, ಆ ನೋಟ ಎಷ್ಟು ಹೊತ್ತಿನದು? ಮೂರನೆಯದು, ನೋಡಿಸಿಕೊಂಡವರಿಗೆ ಅದು ಹೇಗೆ ತಾಗುತ್ತದೆ? ದೊಡ್ಡವರು ಚಿಕ್ಕವರನ್ನು ನೋಡಿದ್ದೋ, ಸಮಾನರು ಒಬ್ಬರನ್ನೊಬ್ಬರು ನೋಡಿದ್ದೋ, ಅಪರಿಚಿತರು ನೋಡಿದ್ದೋ ಎಂಬುದರ ಮೇಲೆ ಈ ಮೂರನೆಯ ಉತ್ತರ ನಿಂತಿರುತ್ತದೆ.

ಮೊದಲು ಅಗ್ಗದ ದಾರಿ

ಹೊಸ ಕ್ರಿಯಾಪದ ಹುಡುಕುವ ಮುನ್ನ, ಬರಿಯ 'ನೋಡು' ಎಷ್ಟು ದೂರ ಕರೆದೊಯ್ಯುತ್ತದೆ ಎಂಬುದನ್ನು ಪರೀಕ್ಷಿಸಿ. ಈ ನಾಲ್ಕು ವಾಕ್ಯಗಳನ್ನು ಬಾಯಿಬಿಟ್ಟು ಓದಿ:

ಅವಳು ಅವನ ಕಡೆ ನೋಡಿದಳು.
ಅವಳು ಅವನನ್ನು ನೋಡಿದಳು.
ಅವಳು ಅವನನ್ನೇ ನೋಡಿದಳು.
ಅವಳು ಅವನನ್ನು ನೋಡುತ್ತ ನಿಂತಳು.

ಕ್ರಿಯಾಪದ ಒಂದೇ, ನೋಟ ಮಾತ್ರ ನಾಲ್ಕು. ಮೊದಲನೆಯದರಲ್ಲಿ ಕಣ್ಣು ಒಂದು ದಿಕ್ಕಿಗೆ ಹೊರಳಿತು, ಅಷ್ಟೇ. ಅವನ ಮುಖ ಅವಳ ಮನಸ್ಸಿಗೆ ಇಳಿದಿರಲಿಕ್ಕಿಲ್ಲ. ಗ್ಲಾನ್ಸ್ ಎಂಬುದಕ್ಕೆ ಬಹಳಷ್ಟು ಕಡೆ ಇದೇ ಸಾಕು. ಎರಡನೆಯದು ಸಾಧಾರಣ ನೋಟ. ಮೂರನೆಯದರಲ್ಲಿ ಒಂದು 'ಏ' ಸೇರಿದ್ದೇ ತಡ, ಸುತ್ತಲಿನದೆಲ್ಲ ಅಳಿಸಿಹೋಗಿ ಅವನೊಬ್ಬನೇ ಉಳಿಯುತ್ತಾನೆ. ನಾಲ್ಕನೆಯದರಲ್ಲಿ ಕಾಲವೂ ಸೇರಿತು, ಮೈಯೂ ಸೇರಿತು. ಇಂಗ್ಲಿಷ್ ಬೇರೆ ಬೇರೆ ಕ್ರಿಯಾಪದಗಳಿಗೆ ಹಂಚುವ ಕೆಲಸವನ್ನು ಕನ್ನಡ ಹೆಚ್ಚಾಗಿ ವಿಭಕ್ತಿಗೆ, ಒತ್ತಿಗೆ, ಜೊತೆಗೆ ಬರುವ ಇನ್ನೊಂದು ಕ್ರಿಯಾಪದಕ್ಕೆ ವಹಿಸುತ್ತದೆ. ಪದಕ್ಕೆ ಪದ ಹುಡುಕಲು ಹೊರಟ ಅನುವಾದಕರು ಎಡವುವುದು ಇಲ್ಲಿಯೇ.

ಸಿನಿಮಾದ ಅಡಿಬರಹ ಬರೆಯುವವರಿಗೆ ಈ ದಾರಿ ತುಂಬ ಉಪಯೋಗಕ್ಕೆ ಬರುತ್ತದೆ. ಅವರಿಗೆ ಸಿಗುವುದು ಎರಡೇ ಸಾಲು, ಓದಲು ಕೆಲವೇ ಕ್ಷಣ. 'ಯಾಕೆ ನನ್ನನ್ನು ಹೀಗೆ ಎವೆಯಿಕ್ಕದೆ ದಿಟ್ಟಿಸುತ್ತಿದ್ದೀಯ?' ಎಂಬುದಕ್ಕಿಂತ 'ಯಾಕೆ ನನ್ನನ್ನೇ ನೋಡುತ್ತೀಯ?' ಎಂಬುದು ಚಿಕ್ಕದು, ಬಾಯಲ್ಲಿ ಆಡುವ ಮಾತಿಗೂ ಹತ್ತಿರ. ಕೋಪವೋ ಪ್ರೀತಿಯೋ ಎಂಬುದನ್ನು ನಟಿಯ ಮುಖ ಆಗಲೇ ಹೇಳಿರುತ್ತದೆ. ಕಥೆಗಾರರಿಗೆ ಆ ಮುಖದ ನೆರವಿಲ್ಲ, ಆದ್ದರಿಂದ ಅವರು ಮುಂದಿನ ಆಯ್ಕೆಗಳತ್ತ ಬರಬೇಕಾಗುತ್ತದೆ.

ಗ್ಲಾನ್ಸ್: ಕಣ್ಣು ಹಾಯಿಸುವುದಕ್ಕೆ ಬಯಲು ಬೇಕು

ಗ್ಲಾನ್ಸ್ ಎಂದೊಡನೆ 'ಕಣ್ಣು ಹಾಯಿಸು' ಎಂದು ಬರೆಯುವುದು ರೂಢಿಯಾಗಿದೆ. ಅದು ಒಳ್ಳೆಯ ನುಡಿಗಟ್ಟು, ಆದರೆ ಅದಕ್ಕೊಂದು ಷರತ್ತಿದೆ. ಹಾಯುವುದಕ್ಕೆ ಹರವು ಬೇಕು. ಪತ್ರಿಕೆಯ ಮೇಲೆ, ಗದ್ದೆಯ ಮೇಲೆ, ಸಭೆಯ ಮೇಲೆ, ಪರೀಕ್ಷೆಯ ಫಲಿತಾಂಶದ ಪಟ್ಟಿಯ ಮೇಲೆ ಕಣ್ಣು ಹಾಯುತ್ತದೆ, ಕಣ್ಣಾಡುತ್ತದೆ. ಕೈಗಡಿಯಾರದ ಮೇಲೆ ಹಾಯುವುದಿಲ್ಲ. 'ಆತ ಗಡಿಯಾರದ ಮೇಲೆ ಕಣ್ಣು ಹಾಯಿಸಿದ' ಎಂದು ಬರೆದರೆ ಓದುಗರು ತಡವರಿಸುತ್ತಾರೆ. 'ಗಡಿಯಾರ ನೋಡಿಕೊಂಡ' ಎನ್ನಿ. ಆ 'ಕೊಂಡ'ದಲ್ಲಿ ತನಗಾಗಿ, ತನ್ನ ಪಾಡಿಗೆ ಎಂಬ ಅರ್ಥ ಅಡಗಿದೆ. ಹೊರಡುವ ಆತುರ, ಎದುರಿಗಿರುವವರ ಮಾತಿನಲ್ಲಿ ಆಸಕ್ತಿ ಕಳೆದದ್ದು ಎಲ್ಲವೂ ಅಷ್ಟರಲ್ಲೇ ತಿಳಿಯುತ್ತವೆ.

ಮನುಷ್ಯರ ಮುಖಕ್ಕೂ ಇದೇ ಮಾತು. ಒಬ್ಬರ ಮುಖದ ಮೇಲೆ 'ಕಣ್ಣು ಹಾಯಿಸಿದರೆ' ಆ ಮುಖ ದಾಖಲೆಯಂತೆ ಆಗಿಬಿಡುತ್ತದೆ. ಸಂದರ್ಶನ ಮಾಡುವ ಅಧಿಕಾರಿ ಅಭ್ಯರ್ಥಿಯನ್ನು ನೋಡುವಂಥ ಸನ್ನಿವೇಶವಾದರೆ ಅದು ಸರಿ, ಬೇಕೆಂದೇ ಬಳಸಬಹುದು. ಮಿಕ್ಕ ಕಡೆ 'ಒಮ್ಮೆ ನೋಡಿದರು', 'ತಲೆಯೆತ್ತಿ ನೋಡಿದರು', 'ತಿರುಗಿ ನೋಡಿದರು' ಎನ್ನುವುದು ಲೇಸು. ಇವುಗಳಲ್ಲಿ ಕಣ್ಣಿನ ಬದಲು ಕತ್ತು ಅಲ್ಲಾಡುತ್ತದೆ. ಓದುಗರಿಗೆ ಅದೇ ಚಿತ್ರವಾಗಿ ಕಾಣುತ್ತದೆ.

ಗ್ಲಾನ್ಸ್ ಇಲ್ಲದಿರುವುದನ್ನು ಹೇಳುವಾಗ ಕನ್ನಡದ ಶ್ರೀಮಂತಿಕೆ ಇನ್ನೂ ಚೆನ್ನಾಗಿ ತೆರೆದುಕೊಳ್ಳುತ್ತದೆ. 'ಕಣ್ಣೆತ್ತಿಯೂ ನೋಡಲಿಲ್ಲ', 'ತಿರುಗಿಯೂ ನೋಡಲಿಲ್ಲ', 'ಇಣುಕಿಯೂ ನೋಡಲಿಲ್ಲ'. ಮೂರನ್ನೂ ಒಂದೇ ಎಂದು ಬಗೆದರೆ ಕಥೆ ಕೆಡುತ್ತದೆ. ಕಣ್ಣೆತ್ತಿ ನೋಡದವನು ಎದುರಿಗೇ ಇದ್ದಾನೆ; ಅದು ಉದಾಸೀನವಾಗಬಹುದು, ಸಂಕೋಚವಾಗಬಹುದು, 'ಪರರ ಹಣವನ್ನು ಕಣ್ಣೆತ್ತಿಯೂ ನೋಡದವನು' ಎಂಬಲ್ಲಿ ಹೊಗಳಿಕೆಯೂ ಆಗಬಹುದು. ತಿರುಗಿ ನೋಡದವನು ಹೊರಟುಹೋಗುತ್ತಿದ್ದಾನೆ. ಅಲ್ಲಿ ಬಿಟ್ಟುಹೋಗುವುದರ ನೋವಿದೆ. ಇಣುಕಿ ನೋಡದವನು ಬರಲೇ ಇಲ್ಲ. ಅಮ್ಮ ಮೂರು ತಿಂಗಳು ಹಾಸಿಗೆ ಹಿಡಿದಾಗ ಅಣ್ಣ ಇಣುಕಿಯೂ ನೋಡಲಿಲ್ಲ ಎಂಬ ವಾಕ್ಯದಲ್ಲಿ ಕಣ್ಣಿನ ಮಾತೇ ಇಲ್ಲ, ಬಾಗಿಲಿಗೆ ಬಾರದ ಕಾಲಿನ ಮಾತಿದೆ. ಧಾರವಾಡದ ಕಡೆಯವರು ಇದನ್ನೇ ಹಣಿಕಿ ಹಾಕಲಿಲ್ಲ ಎನ್ನುತ್ತಾರೆ.

ಓರೆನೋಟ, ಕಡೆಗಣ್ಣ ನೋಟ ಇವೂ ಗ್ಲಾನ್ಸ್‌ನ ಬಳಗದವೇ, ಆದರೆ ಇವುಗಳಲ್ಲಿ ಗುಟ್ಟು ಸೇರಿದೆ. ನೋಡಿದ್ದು ಇನ್ನೊಬ್ಬರಿಗೆ ತಿಳಿಯಬಾರದು ಎಂಬ ಎಚ್ಚರವಿದ್ದಲ್ಲಿ ಮಾತ್ರ ಬಳಸಿ.

'ನೋಟ ಬೀರು' ಎಂಬುದರ ಬಗ್ಗೆ ನನಗೆ ಸ್ವಲ್ಪ ಅಂಜಿಕೆ. ತಪ್ಪೇನಿಲ್ಲ, ಆದರೆ ಅದು ಒಂಟಿಯಾಗಿ ನಿಲ್ಲಲಾರದು. ತಿರಸ್ಕಾರದ ನೋಟ, ಸಂಶಯದ ನೋಟ, ಮೆಚ್ಚುಗೆಯ ನೋಟ ಎಂದು ಪ್ರತಿಸಲವೂ ಹಿಂದೆ ಒಂದು ವಿಶೇಷಣ ಬೇಡುತ್ತದೆ. ಎರಡನೆಯ ಸಲ ಬಂದಾಗಲೇ ಹಳಸಲು ಎನ್ನಿಸುತ್ತದೆ.

ಸ್ಟೇರ್: ಕಾರಣ ತಿಳಿಯದೆ ಪದ ಸಿಗದು

ಈ ಇಂಗ್ಲಿಷ್ ಪದದ ಬೇರಿನಲ್ಲಿರುವ ಅರ್ಥ ಸೆಟೆತ, ಬಿಗಿತ. ಕಣ್ಣು ಗಟ್ಟಿಯಾಗಿ ನಿಂತುಬಿಟ್ಟಿದೆ ಎಂದಷ್ಟೇ ಅದು ಹೇಳುತ್ತದೆ. ಯಾಕೆ ನಿಂತಿತು ಎಂಬುದನ್ನು ಸನ್ನಿವೇಶಕ್ಕೆ ಬಿಡುತ್ತದೆ. ಸಿಟ್ಟು, ಬೆರಗು, ಅಸಭ್ಯ ಕುತೂಹಲ, ಆಘಾತ, ಬರಿಯ ಶೂನ್ಯತೆ ಎಲ್ಲಕ್ಕೂ ಅದೊಂದೇ ಪದ. ಕನ್ನಡದಲ್ಲಿ ಹೆಚ್ಚಿನ ಪದಗಳು ಕಾರಣವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬರುತ್ತವೆ. ಇಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಒಂದೇ ಪದದಲ್ಲಿ ಭಾವ ಪೂರ್ತಿ ಸಿಗುತ್ತದೆ. ಆದರೆ ಮೂಲ ಲೇಖಕರು ಬೇಕೆಂದೇ ತೆರೆದಿಟ್ಟ ಬಾಗಿಲನ್ನು ನೀವು ಮುಚ್ಚಿಬಿಡುವ ಅಪಾಯವಿದೆ.

'ದಿಟ್ಟಿಸು' ಇವುಗಳಲ್ಲಿ ಅತಿ ತಟಸ್ಥವಾದದ್ದು. ದೃಷ್ಟಿ ಎಂಬುದರ ತದ್ಭವ ದಿಟ್ಟಿ, ಅದರಿಂದ ದಿಟ್ಟಿಸು. ಅದರಲ್ಲಿ ಕಣ್ಣು ನೆಟ್ಟಿದೆ, ಮನಸ್ಸೂ ನೆಟ್ಟಿದೆ, ಆದರೆ ಹಗೆತನ ಇಲ್ಲ. ಬಾವಿಯ ತಳವನ್ನು ದಿಟ್ಟಿಸಬಹುದು, ಹಳೆಯ ಫೋಟೊವನ್ನು ದಿಟ್ಟಿಸಬಹುದು, ಸುಳ್ಳು ಹೇಳುತ್ತಿರುವ ಮಗನ ಮುಖವನ್ನೂ ದಿಟ್ಟಿಸಬಹುದು. ಕಾರಣವನ್ನು ಓದುಗರೇ ಊಹಿಸಲಿ ಎಂದಿದ್ದರೆ ಇದನ್ನು ಆರಿಸಿ. ಒಂದು ಮಿತಿ: ಇದು ಬರವಣಿಗೆಯ ಪದ. ಸಂಭಾಷಣೆಯಲ್ಲಿ, ಅದರಲ್ಲೂ ಮಕ್ಕಳ ಬಾಯಲ್ಲಿ, ಒಗ್ಗುವುದಿಲ್ಲ.

'ದುರುಗುಟ್ಟು' ಎಂದರೆ ಸಿಟ್ಟು ಖಚಿತ. ಮಾತಿಲ್ಲದ ಗದರಿಕೆ ಅದು. ಮನೆಗೆ ಬಂದ ನೆಂಟರ ಎದುರು ಮಗು ಮೂರನೆಯ ಲಾಡುವಿಗೆ ಕೈಚಾಚಿದಾಗ ತಾಯಿ ಮಾಡುವುದು ಇದನ್ನೇ. ಬಾಯಿ ಬಿಡುವಂತಿಲ್ಲ, ಆದ್ದರಿಂದ ಕಣ್ಣಿನಲ್ಲೇ ಕೆಲಸ ಮುಗಿಸುತ್ತಾಳೆ. ಕಣ್ಣು ಇನ್ನಷ್ಟು ಅಗಲವಾಗಿ, ಕೆಂಪಗಾದರೆ 'ಕೆಕ್ಕರಿಸು'. ಇವೆರಡೂ ದೊಡ್ಡವರಿಂದ ಚಿಕ್ಕವರ ಕಡೆಗೆ ಹರಿದರೆ ಸಹಜ. ಸೊಸೆ ಅತ್ತೆಯನ್ನು ದುರುಗುಟ್ಟಿ ನೋಡಿದಳು ಎಂದು ಬರೆದರೆ ಆ ಮನೆಯಲ್ಲಿ ಏನೋ ಮುರಿದುಬಿತ್ತು ಎಂದೇ ಅರ್ಥ. ಮೂಲ ಕಥೆಯಲ್ಲಿ ಅಷ್ಟು ನಡೆದಿದೆಯೇ ಎಂದು ನೋಡಿಕೊಂಡು ಬರೆಯಬೇಕು.

'ಗುರಾಯಿಸು' ಸಮಾನರ ನಡುವಿನದು, ಬೀದಿಯದು. ಅದರಲ್ಲಿ ಸವಾಲಿದೆ. ಗುರಾಯಿಸಿ ನೋಡಿದ ಎಂಬ ಕಾರಣಕ್ಕೆ ಹೊಡೆದಾಟವಾಯಿತು ಎಂದು ಅಪರಾಧ ಸುದ್ದಿಗಳಲ್ಲಿ ಓದುತ್ತೇವೆ. ಅಲ್ಲಿ 'ದಿಟ್ಟಿಸಿ ನೋಡಿದ' ಎಂದು ಹಾಕಿ ನೋಡಿ. ಜಗಳಕ್ಕೆ ಕಾರಣವೇ ಇಲ್ಲದಂತಾಗುತ್ತದೆ.

ಸಿಟ್ಟಿಲ್ಲದ ಸ್ಟೇರ್‌ಗೆ ಎರಡು ದಾರಿಗಳಿವೆ, ಎರಡೂ ಒಂದಕ್ಕೊಂದು ವಿರುದ್ಧ. 'ಎವೆಯಿಕ್ಕದೆ ನೋಡಿದ' ಎಂದರೆ ರೆಪ್ಪೆ ಅಲ್ಲಾಡಲಿಲ್ಲ. ಬೆರಗಿನಲ್ಲಿ, ಭಯದಲ್ಲಿ, ಏನೋ ಘಟಿಸಲಿದೆ ಎಂಬ ಕಾತರದಲ್ಲಿ ಹೀಗಾಗುತ್ತದೆ. 'ಪಿಳಿಪಿಳಿ ಕಣ್ಣು ಬಿಟ್ಟ' ಎಂದರೆ ರೆಪ್ಪೆ ಮತ್ತೆ ಮತ್ತೆ ಬಡಿಯಿತು. ಪ್ರಶ್ನೆ ಅರ್ಥವಾಗದ ಮಗು, ಹೊಸ ಊರಿನ ಬಸ್ ನಿಲ್ದಾಣದಲ್ಲಿ ಇಳಿದವರು, ತಪ್ಪು ಮಾಡಿ ಸಿಕ್ಕಿಬಿದ್ದವರು ಹೀಗೆ ಮಾಡುತ್ತಾರೆ. ಇಂಗ್ಲಿಷ್‌ನಲ್ಲಿ ಎರಡೂ ಕಡೆ ಸ್ಟೇರ್ ಎಂದೇ ಇರಬಹುದು. ಆ ಮನುಷ್ಯನಿಗೆ ಅರ್ಥವಾಗಿದೆಯೋ ಇಲ್ಲವೋ ಎಂದು ಕೇಳಿಕೊಳ್ಳಿ. ಅರ್ಥವಾಗಿ ಮಾತು ಸತ್ತಿದ್ದರೆ ಎವೆಯಿಕ್ಕದೆ. ಅರ್ಥವಾಗದೆ ಮಾತು ಹೊರಡದಿದ್ದರೆ ಪಿಳಿಪಿಳಿ.

ಇಲ್ಲೇ ಇನ್ನೊಂದು ಬಲೆಯ ಬಗ್ಗೆ ಹೇಳಿಬಿಡುತ್ತೇನೆ. ನೇರವಾಗಿ, ಅಂಜದೆ ನೋಡಿದಳು ಎಂಬುದಕ್ಕೆ 'ಎದುರು ನೋಡಿದಳು' ಎಂದು ಬರೆದ ಕರಡು ನನ್ನ ಕೈಗೆ ಬಂದಿತ್ತು. ಎದುರು ನೋಡುವುದು ಎಂದರೆ ಕಾಯುವುದು. ಅಲ್ಲಿ ಬೇಕಿದ್ದದ್ದು 'ಕಣ್ಣಿಗೆ ಕಣ್ಣಿಟ್ಟು ನೋಡಿದಳು'.

ಗೇಜ್: ಮೈಯ ನಿಲುವಿನಲ್ಲಿ ಹೇಳಬೇಕಾದದ್ದು

ಇದಕ್ಕೆ ಸರಿಸಾಟಿಯಾದ ಒಂಟಿ ಪದ ಇಂದಿನ ಕನ್ನಡದಲ್ಲಿಲ್ಲ ಎಂದು ನಾನು ಒಪ್ಪಿಕೊಂಡುಬಿಟ್ಟಿದ್ದೇನೆ. ನಿರುಕಿಸು ಎಂಬುದು ಹತ್ತಿರ ಬರುತ್ತದೆ, ಆದರೆ ಅದಕ್ಕೆ ಹಳೆಯ ಕಾವ್ಯದ ಪರಿಮಳವಿದೆ. ಇಂದಿನ ಊರಿನ, ಇಂದಿನ ಜನರ ಕಥೆಯಲ್ಲಿ ಬಂದರೆ ಉಟ್ಟ ಬಟ್ಟೆಗೆ ಒಗ್ಗದ ಒಡವೆಯಂತೆ ಎದ್ದು ತೋರುತ್ತದೆ.

ಕನ್ನಡದ ಸಹಜ ದಾರಿ ಬೇರೆಯದು. ನೋಡುತ್ತ ನಿಂತಳು, ನೋಡುತ್ತ ಕುಳಿತಳು, ನೋಡುತ್ತಲೇ ಇದ್ದಳು. ಗೇಜ್ ಎಂಬುದರಲ್ಲಿರುವ ತನ್ಮಯತೆಯನ್ನು ನಾವು ಮೈಯ ನಿಲುವಿನಿಂದ ತಿಳಿಸುತ್ತೇವೆ. ಕೈಯಲ್ಲಿದ್ದ ಕೆಲಸ ನಿಂತುಹೋಯಿತು ಎಂಬುದು ಇವುಗಳ ಒಳಗಿನ ಮಾತು. ಒಳ್ಳೆಯ ಅನುವಾದಕರು ಇದಕ್ಕೆ ಒಂದು ಸಣ್ಣ ವಿವರ ಸೇರಿಸುತ್ತಾರೆ: ಸೌಟು ಹಿಡಿದೇ ನೋಡುತ್ತ ನಿಂತಳು, ಕಂಬಕ್ಕೆ ಒರಗಿ ನೋಡುತ್ತ ಕುಳಿತರು. ಪ್ರೀತಿ, ಇನ್ನು ಸಿಗುತ್ತದೋ ಇಲ್ಲವೋ ಎಂಬ ಆಸೆ ಇದ್ದರೆ 'ಕಣ್ತುಂಬ ನೋಡಿದಳು', 'ಕಣ್ತುಂಬಿಕೊಂಡಳು'. ಹೆರಿಗೆಯಾದ ಮೇಲೆ ಮಗುವನ್ನು, ಹೊರಡುವ ಮುನ್ನ ಊರನ್ನು ಹೀಗೆ ನೋಡುತ್ತೇವೆ. ಜಲಪಾತ, ಸೂರ್ಯಾಸ್ತಗಳ ಬಗ್ಗೆ ಬರೆಯುವವರು ಇದನ್ನು ತುಂಬ ಬಳಸಿ ಸವೆಸಿದ್ದಾರೆ, ಆದ್ದರಿಂದ ಮನುಷ್ಯರಿಗಾಗಿ ಉಳಿಸಿಕೊಳ್ಳುವುದು ವಾಸಿ.

ಒಂದು ಎಚ್ಚರಿಕೆ. 'ನೋಡುತ್ತ ನಿಂತರು' ಎಂಬುದಕ್ಕೆ ಇನ್ನೊಂದು ಮುಖವಿದೆ. ಬೈಕ್ ಬಿದ್ದು ಹುಡುಗ ರಸ್ತೆಯಲ್ಲಿ ನರಳುತ್ತಿದ್ದರೆ ಜನ ನೋಡುತ್ತ ನಿಂತರು ಎಂದರೆ ಅದು ಆಪಾದನೆ. ನೆರವು ಬೇಕಾದ ಸನ್ನಿವೇಶದ ಪಕ್ಕದಲ್ಲಿ ಈ ಮಾತು ಬಂದರೆ ತನ್ಮಯತೆ ಹೋಗಿ ನಿಷ್ಕರುಣೆ ಬರುತ್ತದೆ. ಅಂಥ ಕಡೆ 'ಕಣ್ಣು ಕೀಳಲಾಗಲಿಲ್ಲ' ಎಂದರೆ ಆಪಾದನೆ ತಪ್ಪುತ್ತದೆ.

ಗ್ಲಿಂಪ್ಸ್: ಮಾಡುವುದಲ್ಲ, ಆಗುವುದು

ಗ್ಲಾನ್ಸ್ ಮತ್ತು ಗ್ಲಿಂಪ್ಸ್ ಎರಡೂ ಕ್ಷಣದ ನೋಟ ಎಂದು ಒಂದೇ ಡಬ್ಬಿಗೆ ಹಾಕುವುದು ಅನುವಾದಗಳಲ್ಲಿ ನಾನು ಕಾಣುವ ಅತಿ ದೊಡ್ಡ ತಪ್ಪು. ಗ್ಲಾನ್ಸ್ ಒಂದು ಕೆಲಸ. ಮಾಡಿದವರಿಗೆ ಏನೂ ಕಾಣದೆ ಇರಬಹುದು. ಗ್ಲಿಂಪ್ಸ್ ಒಂದು ಪ್ರಾಪ್ತಿ. ಅದು ಆಯಿತೆಂದರೆ ಏನೋ ಕಂಡೇ ಇರುತ್ತದೆ, ಪೂರ್ತಿ ಕಂಡಿಲ್ಲ ಅಷ್ಟೇ. ಇಲ್ಲಿ 'ನೋಡು' ಬಿಟ್ಟು 'ಕಾಣು'ವಿಗೆ ಬರಬೇಕು: ಕಂಡಿತು, ಕಂಡು ಮರೆಯಾಯಿತು, ಕಣ್ಣಿಗೆ ಬಿತ್ತು. ಕರ್ತೃವನ್ನು 'ನಾನು' ಎಂದು ಇಡದೆ 'ನನಗೆ' ಎಂದು ಇಡಬೇಕು. 'ನಾನು ಅವರನ್ನು ಕಂಡೆ' ಎಂದು ಬರೆದರೆ ಹೋಗಿ ಭೇಟಿಯಾದಂತೆ ಆದೀತು. ವೈದ್ಯರನ್ನು ಕಂಡು ಬಂದೆ ಎನ್ನುವುದಿಲ್ಲವೇ?

'ಕಣ್ಣಿಗೆ ಬಿತ್ತು' ಎಂಬುದನ್ನು ಬರೆಯುವಾಗ ವಿಭಕ್ತಿಯ ಮೇಲೆ ಎಚ್ಚರವಿರಲಿ. 'ಪಕ್ಕದ ಮನೆಯ ಮಾವಿನ ಮರ ಅವನ ಕಣ್ಣಿಗೆ ಬಿತ್ತು' ಎಂದರೆ ಅಕಸ್ಮಾತ್ ಕಂಡಿತು. 'ಪಕ್ಕದ ಮನೆಯ ಮಾವಿನ ಮರದ ಮೇಲೆ ಅವನ ಕಣ್ಣು ಬಿತ್ತು' ಎಂದರೆ ಆಸೆ ಹುಟ್ಟಿತು, ಇನ್ನು ಕಾಯಿ ಉಳಿಯುವುದಿಲ್ಲ. ಮೊದಲನೆಯದರಲ್ಲಿ ಅವನು ನಿರಪರಾಧಿ, ಎರಡನೆಯದರಲ್ಲಿ ಅಲ್ಲ. ಕೂಸಿನ ಮೇಲೆ ಯಾರದೋ ಕಣ್ಣು ಬಿತ್ತು ಎಂದರಂತೂ ದೃಷ್ಟಿ ತೆಗೆಯುವ ಮಾತೇ ಬರುತ್ತದೆ.

'ಇಣುಕು' ಎಂಬುದನ್ನು ಗ್ಲಿಂಪ್ಸ್‌ಗೆ ಬಳಸುವುದು ಪತ್ರಿಕೆಗಳ ಶೀರ್ಷಿಕೆಗಳಿಂದ ಬಂದ ಅಭ್ಯಾಸ. ಯಾವುದೋ ವಿಷಯದ ಮೇಲೆ 'ಒಂದು ಇಣುಕುನೋಟ' ಎಂದು ಶೀರ್ಷಿಕೆ ಕೊಡುವುದು ಈಗ ಸಲೀಸಾಗಿದೆ, ಅದರ ಪಾಡಿಗೆ ಅದಿರಲಿ. ಕಥೆಯಲ್ಲಿ ಇಣುಕುವವರಿಗೆ ಒಂದು ಮರೆ ಬೇಕು, ಒಂದು ಕಿಂಡಿ ಬೇಕು, ಒಳಗೇನಿದೆ ಎಂಬ ಕುತೂಹಲ ಬೇಕು. ಓಡುವ ರೈಲಿನಿಂದ ಕಡಲು ಕ್ಷಣಕಾಲ ಕಂಡವರು ಕಡಲನ್ನು ಇಣುಕಲಿಲ್ಲ.

ಆದರೂ ಕಿಂಡಿ ಇದ್ದಲ್ಲೆಲ್ಲ ಇಣುಕುವಿಕೆಯೂ ಇರುತ್ತದೆಂದಲ್ಲ. ಉಡುಪಿಯ ಕೃಷ್ಣಮಠದಲ್ಲಿ ಭಕ್ತರು ಕೃಷ್ಣನನ್ನು ನೋಡುವುದು ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕ. ಸರದಿಯಲ್ಲಿ ನಿಂತು, ಮುಖವನ್ನು ಕಿಂಡಿಗೆ ಹತ್ತಿರ ತಂದು, ಹಿಂದಿನವರು ಕಾಯುತ್ತಿರುವುದರಿಂದ ಕೆಲವೇ ಕ್ಷಣಗಳಲ್ಲಿ ಸರಿಯಬೇಕು. ಮೈ ಮಾಡುವ ಕೆಲಸ ಇಣುಕುವುದೇ, ಹೊತ್ತು ಗ್ಲಿಂಪ್ಸ್‌ನಷ್ಟೇ. ಆದರೆ ಹೊರಗೆ ಬಂದವರು ಇಣುಕಿದೆ ಎನ್ನುವುದಿಲ್ಲ, ಕಣ್ಣಿಗೆ ಬಿದ್ದ ಎನ್ನುವುದೂ ಇಲ್ಲ. 'ದರ್ಶನವಾಯಿತು' ಎನ್ನುತ್ತಾರೆ. ಇಲ್ಲಿಯೂ 'ನನಗೆ' ಬರುತ್ತದೆ, ಏಕೆಂದರೆ ದರ್ಶನ ಕೊಡುವವನು ದೇವರು. ಮೂರನೆಯ ಪ್ರಶ್ನೆ, ಅಂದರೆ ನೋಡುವವರಿಗೂ ನೋಡಿಸಿಕೊಂಡವರಿಗೂ ಇರುವ ಸಂಬಂಧ, ಹೊತ್ತಿನ ಲೆಕ್ಕವನ್ನು ಹೇಗೆ ಹಿಂದಕ್ಕೆ ತಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿಯದು.

ಒಂದು ಮನೆ, ನಾಲ್ಕು ನೋಟ

ಅಭ್ಯಾಸಕ್ಕೆಂದು ನಾನು ಕಟ್ಟಿಕೊಡುವ ಒಂದು ಸನ್ನಿವೇಶವಿದೆ. ಜಗಳವಾಡಿ ಹೋದ ಮಗ ಎಂಟು ವರ್ಷಗಳ ನಂತರ ಮನೆಗೆ ಬರುತ್ತಾನೆ. ಇಂಗ್ಲಿಷ್ ಪಠ್ಯದಲ್ಲಿ ತಾಯಿಗೆ ಗ್ಲಿಂಪ್ಸ್, ತಂದೆಗೆ ಗ್ಲಾನ್ಸ್, ಬಳಿಕ ಸ್ಟೇರ್, ಕೊನೆಗೆ ತಾಯಿಗೆ ಗೇಜ್ ಎಂದಿದೆ. ಬಂದ ಒಂದು ಕರಡು ಹೀಗಿತ್ತು:

'ತಾಯಿ ಗೇಟಿನಲ್ಲಿ ಅವನ ಇಣುಕುನೋಟ ಪಡೆದಳು. ತಂದೆ ಪತ್ರಿಕೆಯಿಂದ ತಲೆಯೆತ್ತಿ ಅವನ ಮೇಲೆ ಕಣ್ಣು ಹಾಯಿಸಿದ. ನಂತರ ಅವನನ್ನು ದುರುಗುಟ್ಟಿ ನೋಡಿದ. ತಾಯಿ ಅವನನ್ನು ದಿಟ್ಟಿಸಿದಳು.'

ನಾಲ್ಕೂ ಪದಗಳು ನಿಘಂಟಿನಲ್ಲಿವೆ. ಆದರೆ ಓದಿದವರಿಗೆ ಕಾಣುವುದು ಗೂಢಚಾರಿಣಿಯಂಥ ತಾಯಿ, ಅಧಿಕಾರಿಯಂಥ ತಂದೆ. ದುರುಗುಟ್ಟಿದ್ದರಿಂದ ತಂದೆ ಕ್ಷಮಿಸಿಲ್ಲ ಎಂದು ಆಗಲೇ ತೀರ್ಮಾನವಾಯಿತು. ಮೂಲದಲ್ಲಿ ಅದು ತಿಳಿಯುವುದು ಎರಡು ಪುಟಗಳ ನಂತರ. ಒಟ್ಟಿಗೆ ಕುಳಿತು ತಿದ್ದಿದ ಮೇಲೆ ಹೀಗಾಯಿತು:

'ಗೇಟಿನ ಬಳಿ ಒಂದು ಬಿಳಿಯ ಅಂಗಿ ಅಮ್ಮನಿಗೆ ಕಂಡಿತು. ಅಷ್ಟರಲ್ಲಿ ಮಲ್ಲಿಗೆಯ ಬಳ್ಳಿ ಅದನ್ನು ಮರೆಮಾಡಿತು. ಅಪ್ಪ ಪತ್ರಿಕೆಯಿಂದ ತಲೆಯೆತ್ತಿ ಒಮ್ಮೆ ನೋಡಿ ಮತ್ತೆ ಓದತೊಡಗಿದರು. ಮರುಗಳಿಗೆ ಪತ್ರಿಕೆ ಕೆಳಗಿಳಿಯಿತು. ಅವರು ಮಗನನ್ನೇ ನೋಡಿದರು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನೋಡುತ್ತ ನಿಂತರು.'

ಇಡೀ ಭಾಗದಲ್ಲಿ ಇರುವುದು ಒಂದು 'ಕಂಡಿತು', ಮೂರು 'ನೋಡು'. ಅಪ್ಪನ ಸ್ಟೇರ್ ಅನ್ನು ಒಂದು 'ಏ' ಹೊತ್ತಿದೆ. ಅದು ಸಿಟ್ಟೋ, ನಂಬಲಾಗದ ಸಂತೋಷವೋ ಎಂಬುದು ಇನ್ನೂ ತೆರೆದೇ ಇದೆ. ಅಮ್ಮನ ಕೈ ಚೌಕಟ್ಟಿಗೆ ಹೋದದ್ದು ನಾವು ಸೇರಿಸಿದ ವಿವರ. ಮೂಲದಲ್ಲಿ ಇಲ್ಲದ್ದನ್ನು ಸೇರಿಸಬಾರದು ಎನ್ನುವ ಅನುವಾದಕರು ಅದನ್ನು ಬಿಟ್ಟು 'ನೋಡುತ್ತಲೇ ಇದ್ದರು' ಎನ್ನಬಹುದು. ಅರ್ಥ ಕೆಡುವುದಿಲ್ಲ, ಚಿತ್ರ ತುಸು ತೆಳುವಾಗುತ್ತದೆ. ನಾನಾಗಿದ್ದರೆ ಚೌಕಟ್ಟನ್ನು ಉಳಿಸಿಕೊಳ್ಳುತ್ತೇನೆ. ಈ ಸನ್ನಿವೇಶ ಮಕ್ಕಳ ಪುಸ್ತಕದಲ್ಲಿ ಬಂದಿದ್ದರೆ ಅಪ್ಪನಿಗೆ 'ಬಿಟ್ಟ ಕಣ್ಣು ಬಿಟ್ಟ ಹಾಗೆ' ಎಂದು ಸೇರಿಸುತ್ತಿದ್ದೆ, ಏಕೆಂದರೆ ಗಟ್ಟಿಯಾಗಿ ಓದಿ ಹೇಳುವವರಿಗೆ ಅಲ್ಲಿ ಕಣ್ಣರಳಿಸಿ ತೋರಿಸಲು ಒಂದು ಆಸರೆ ಬೇಕು.